‘ಸಹಕರಿಸಿ’ ಎಂದರೆ ಸಾಲದು, ಗಂಟೆ ಹೇಳಿ

‘ಯಂತ್ರ ಕೆಟ್ಟಿರುವುದರಿಂದ ವರದಿ ತಡವಾಗಲಿದೆ, ಸಹಕರಿಸಿ’ ಎಂಬ ಚೀಟಿಯನ್ನು ಲ್ಯಾಬಿನ ಬಾಗಿಲಿಗೆ ಅಂಟಿಸಿದರೆ ಕ್ಷಮೆ ಕೇಳಿದಂತಾಯಿತೇ? ಅಮಾಸೆಬೈಲಿನಿಂದಲೋ ಸಿದ್ದಾಪುರದಿಂದಲೋ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಶಂಕರನಾರಾಯಣಕ್ಕೆ ಬಂದವರಿಗೆ ಬೇಕಾದದ್ದು ಎರಡು ಉತ್ತರ: ವರದಿ ಯಾವಾಗ ಸಿಗುತ್ತದೆ, ಕೊಟ್ಟ ರಕ್ತ ಇನ್ನೂ ಪರೀಕ್ಷೆಗೆ ಬರುತ್ತದೆಯೇ. ಎರಡನೆಯದನ್ನು ಚೀಟಿಗಳು ಹೇಳುವುದೇ ಇಲ್ಲ. ಸಾದಾ ಟ್ಯೂಬಿನಲ್ಲಿ ಸೀರಂ ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಜೀವಕೋಶಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಮಧುಮೇಹಿಯ ಸಕ್ಕರೆ ಹತೋಟಿಯಲ್ಲಿದೆ ಎಂದು ಕಾಗದ ಹೇಳಬಹುದು, ದೇಹ ಹಾಗಿರುವುದಿಲ್ಲ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ಮೊದಲ ಒಂದೆರಡು ಗಂಟೆ ಕಳೆದ ಮೇಲೆ ಸಕ್ಕರೆ ಸ್ಥಿರವಾಗಿ ನಿಲ್ಲುತ್ತದೆ, ಒಂದು ದಿನ ಕಾಯಲಡ್ಡಿಯಿಲ್ಲ. ಬೇರ್ಪಡಿಸದ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಬೇಗನೆ ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ಟ ಸೀರಂನ ಕ್ರಿಯಾಟಿನಿನ್ ಮಾತ್ರ ಮರುದಿನಕ್ಕೂ ನಂಬಿಕೆಗೆ ಅರ್ಹ. ಹಾಗಾಗಿ ‘ಎಲ್ಲ ವರದಿ ತಡ’ ಎನ್ನುವ ಒಂದೇ ಸಾಲು ಅರ್ಧ ಸತ್ಯ.

ಇನ್ನು ಗಂಟೆಯ ಲೆಕ್ಕ. ಬೆಳಿಗ್ಗೆ 10ಕ್ಕೆ ಬಯೋಕೆಮಿಸ್ಟ್ರಿ ಯಂತ್ರ ನಿಂತಿತು, ಮಂಗಳೂರಿನಿಂದ ಎಂಜಿನಿಯರ್ ಬಂದು ಸಂಜೆ 5ಕ್ಕೆ ಸರಿಮಾಡಿದರು ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ 5ಕ್ಕೇ ‘ಇನ್ನೊಂದು ಗಂಟೆ’ ಎಂಬ ಮಾತು ಬೀಳುತ್ತದೆ. ಆದರೆ ಯಂತ್ರ ಓಡಿದ ಮಾತ್ರಕ್ಕೆ ಫಲಿತಾಂಶ ನಂಬುವಂತಿಲ್ಲ: ಕ್ಯಾಲಿಬ್ರೇಷನ್ ಮಾಡಬೇಕು, ಮೌಲ್ಯ ಗೊತ್ತಿರುವ ಕಂಟ್ರೋಲ್ ಮಾದರಿ ಹಾಕಿ ಅದು ಮಿತಿಯೊಳಗೆ ಬಂದಿದೆಯೇ ನೋಡಬೇಕು. ಅದಕ್ಕೇ ಒಂದು ಗಂಟೆ. ಬಾಕಿ 80 ಜನರಿಗೆ ತಲಾ 6 ಪರೀಕ್ಷೆಯೆಂದರೆ 480. ಗಂಟೆಗೆ 120ರಂತೆ ನಾಲ್ಕು ಗಂಟೆ. ರಾತ್ರಿ 10 ಆಯಿತು, ಮಧ್ಯೆ ತುರ್ತು ಮಾದರಿ ಬಂದರೆ ಇನ್ನೂ ತಡ. ಆದ್ದರಿಂದ ಪ್ರಾಮಾಣಿಕ ಸೂಚನೆ ಹೀಗಿರಬೇಕು: ‘ಇಂದು ಬೆಳಿಗ್ಗೆ 10ಕ್ಕೆ ಯಂತ್ರ ಕೆಟ್ಟಿತು. ಕಿಡ್ನಿ, ಲಿವರ್ ವರದಿ ನಾಳೆ ಮಧ್ಯಾಹ್ನ 12ಕ್ಕೆ. ಸಾದಾ ಟ್ಯೂಬಿನ ಸಕ್ಕರೆಗೆ ಹಣವಿಲ್ಲದೆ ಮತ್ತೆ ರಕ್ತ ತೆಗೆಯುತ್ತೇವೆ. ತುರ್ತಿನವರ ಮಾದರಿ ಕುಂದಾಪುರಕ್ಕೆ ಕಳುಹಿಸುತ್ತೇವೆ. ತೊಂದರೆಗೆ ಕ್ಷಮಿಸಿ.’

ಗಂಟೆ ಹೇಳಿದರೆ ಅದನ್ನೇ ಹಿಡಿದು ಜಗಳಕ್ಕೆ ಬರುತ್ತಾರೆ ಎಂಬ ಆಕ್ಷೇಪವುಂಟು. ಹೇಳಿದ ಸಮಯ ದಾಟಿದಾಗ ಜಗಳ ಸಹಜವೇ. ಅದಕ್ಕೇ ಆಸೆಯ ಗಂಟೆ ಬಿಟ್ಟು ಲೆಕ್ಕದ ಗಂಟೆ ಬರೆಯಬೇಕು, ಮೀರುವಂತಿದ್ದರೆ ಮೊದಲೇ ಫೋನ್ ಮಾಡಬೇಕು. ಮಾದರಿ ಹಾಳಾಯಿತೆಂದರೆ ಹೆಸರು ಕೆಡುತ್ತದೆ ಎನ್ನುವವರೂ ಇದ್ದಾರೆ. ತಪ್ಪು ಸಕ್ಕರೆ ನೋಡಿ ವೈದ್ಯರು ಮಾತ್ರೆ ಕಡಿಮೆ ಮಾಡಿದರೆ ಉಳಿಯುವ ಹೆಸರು ಯಾವುದು? ಚಿಕಿತ್ಸೆಗೆ ತೊಡಕಾಗುವ ವಿಳಂಬವನ್ನು ಪರೀಕ್ಷೆ ಬರೆದ ವೈದ್ಯರಿಗೆ ತಿಳಿಸುವ ಕ್ರಮ ಲ್ಯಾಬಿನಲ್ಲಿರಬೇಕೆಂದು ವೈದ್ಯಕೀಯ ಪ್ರಯೋಗಾಲಯಗಳ ಐಎಸ್‌ಒ 15189 ಮಾನದಂಡವೂ ಹೇಳುತ್ತದೆ. ರೋಗಿಗಳಿಗಾಗಿ ಚೀಟಿ ಅಂಟಿಸಿ ವೈದ್ಯರಿಗೆ ತಿಳಿಸದೇ ಇದ್ದರೆ ಅರ್ಧ ಕೆಲಸವಷ್ಟೇ ಆಗಿದೆ. ಓದುಗರೇ, ಮುಂದಿನ ಬಾರಿ ಅಂಥ ಚೀಟಿ ಕಂಡರೆ ಕೌಂಟರಿನಲ್ಲಿ ಒಂದೇ ಮಾತು ಕೇಳಿ: ನನ್ನ ರಕ್ತ ಇನ್ನೂ ಸರಿಯಾಗಿದೆಯೇ, ಅಥವಾ ಮತ್ತೆ ಕೊಡಬೇಕೇ?