ಇಡುಗಂಟಿನ ಆಯುಷ್ಯ

ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಮುಂಬಯಿ ಕನ್ನಡಿಗರಲ್ಲಿ ಕೆಲವರು ತಮ್ಮ ಇಡುಗಂಟನ್ನು ಮ್ಯೂಚುವಲ್ ಫಂಡಿನಲ್ಲಿರಿಸಿ, ತಿಂಗಳಿಗಿಷ್ಟೆಂದು ಹಿಂಪಡೆಯುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಹೀಗೆ ಬರುವ ಹಣವನ್ನು ಪಿಂಚಣಿಯೆಂದು ಬಗೆಯುವುದು ತಪ್ಪು. ಫಂಡು ತಿಂಗಳು ತಿಂಗಳೂ ಆತನ ಯೂನಿಟುಗಳನ್ನೇ ಅಂದಿನ ಬೆಲೆಗೆ ಕರಗಿಸಿ ಹಣ ಕೊಡುತ್ತದೆ. ಗಳಿಕೆ ಸಾಲದಾದಾಗ ಕೈಗೆ ಬರುವುದು ಆತನ ಅಸಲೇ.

ಡೊಂಬಿವಲಿಯ ನಿವೃತ್ತರೊಬ್ಬರು 50 ಲಕ್ಷ ರೂಪಾಯಿಯಿಟ್ಟು ತಿಂಗಳಿಗೆ 30,000 ಪಡೆಯುವರೆಂದು ಭಾವಿಸಬಹುದು. ಹಣ ವರ್ಷಕ್ಕೆ ಸುಮಾರು ಶೇಕಡಾ 6ರಂತೆ ಒಂದೇ ಸಮನೆ ಬೆಳೆದರೆ ಗಂಟು 30 ವರ್ಷ ಬಾಳುತ್ತದೆ. ಆದರೆ ಮನೆಖರ್ಚು 30 ವರ್ಷ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಬೆಲೆಯೇರಿಕೆಗೆ ಸರಿಯಾಗಿ ಅವರು ಪ್ರತಿವರ್ಷ ಶೇಕಡಾ 6ರಷ್ಟು ಹೆಚ್ಚು ಪಡೆದರೆ, ಅದೇ ಗಂಟು ಸುಮಾರು 14 ವರ್ಷಗಳಲ್ಲಿ ಬರಿದಾಗುತ್ತದೆ. ಅರವತ್ತರಲ್ಲಿ ಆರಂಭಿಸಿದವರಿಗೆ ಎಪ್ಪತ್ತನಾಲ್ಕರಲ್ಲಿ, ಔಷಧದ ಖರ್ಚು ಹೆಚ್ಚುವ ಕಾಲಕ್ಕೇ, ಕೈ ಬರಿದು.

ಇನ್ನೊಂದು ಅಪಾಯವು ಆರಂಭದ ವರ್ಷಗಳಲ್ಲಿದೆ. ಮುಂಬಯಿ ಷೇರುಪೇಟೆಯ ಸೆನ್ಸೆಕ್ಸ್ 2007ರ ಕೊನೆಗೆ 20,287 ಇದ್ದುದು 2008ರ ಕೊನೆಗೆ 9,647ಕ್ಕೆ ಕುಸಿಯಿತು. ಆ ಸೂಚ್ಯಂಕದಂತೆಯೇ ಏರಿಳಿಯುವ ಫಂಡಿನಲ್ಲಿ 2008ರ ಆರಂಭದಲ್ಲಿ 50 ಲಕ್ಷ ಇರಿಸಿ, ತಿಂಗಳಿಗೆ 30,000 ಪಡೆದವರಲ್ಲಿ, ಲಾಭಾಂಶ ವೆಚ್ಚಗಳನ್ನು ಬದಿಗಿಟ್ಟರೆ, ವರ್ಷದ ಕೊನೆಗೆ ಉಳಿಯುತ್ತಿದ್ದುದು ಸುಮಾರು 21 ಲಕ್ಷ. 2009ರಲ್ಲಿ ಪೇಟೆ 17,465ಕ್ಕೆ ಮರಳಿತು. ಏನನ್ನೂ ಹಿಂಪಡೆಯದವರ ಹಣ 43 ಲಕ್ಷವಾದರೆ, ತಿಂಗಳು ತಿಂಗಳೂ ಪಡೆದವರದು 33 ಲಕ್ಷದಷ್ಟಾಯಿತು. ಎರಡು ವರ್ಷಗಳಲ್ಲಿ ಅವರು ಪಡೆದದ್ದು 7.2 ಲಕ್ಷವಾದರೂ ಅಂತರವು ಸುಮಾರು 10 ಲಕ್ಷ. ಬೆಲೆ ಅರ್ಧಕ್ಕಿಳಿದಾಗ ಅದೇ 30,000ಕ್ಕೆ ಇಮ್ಮಡಿ ಯೂನಿಟುಗಳನ್ನು ಮಾರಬೇಕಾಗುತ್ತದೆ; ಮಾರಿದ ಯೂನಿಟುಗಳು ಪೇಟೆಯ ಚೇತರಿಕೆಯಲ್ಲಿ ಪಾಲು ಪಡೆಯಲಾರವು.

ಆದುದರಿಂದ ಇಡುಗಂಟನ್ನೆಲ್ಲ ಷೇರು ಫಂಡಿನಲ್ಲಿಟ್ಟು ಅದರಿಂದಲೇ ಮಾಸಿಕ ಖರ್ಚು ಪಡೆಯುವುದು ವಿವೇಕವೆನಿಸದು. ಎರಡು ಮೂರು ವರ್ಷಗಳ ಖರ್ಚನ್ನು ಬ್ಯಾಂಕಿನ ಠೇವಣಿಯಲ್ಲಿ ಬೇರೆಯಾಗಿರಿಸಿ, ಪೇಟೆ ಕುಸಿದಾಗ ಅಲ್ಲಿಂದಲೇ ಪಡೆಯಬೇಕು. ಆದರೆ ಕುಸಿತವು ಅದಕ್ಕಿಂತ ದೀರ್ಘವಾದರೆ ಈ ಆಸರೆಯೂ ಸಾಲದು. ಆಗ ಖರ್ಚನ್ನೇ ತಗ್ಗಿಸಬೇಕಾಗುತ್ತದೆ.

ಗಂಟಿನ ನಾಡಿ ನೋಡುವ ಬಗೆ ಸರಳ. ವರ್ಷಕ್ಕೊಮ್ಮೆ, ಉಳಿದ ಹಣವನ್ನು ವರ್ಷದ ಹಿಂಪಡೆತದಿಂದ ಭಾಗಿಸಬೇಕು. 50 ಲಕ್ಷವನ್ನು 3.6 ಲಕ್ಷದಿಂದ ಭಾಗಿಸಿದರೆ ಸುಮಾರು 14. ಗಳಿಕೆಯೂ ಬೆಲೆಯೇರಿಕೆಯೂ ಸರಿಸಮವಾದರೆ ಹಣ ಬಾಳುವ ವರ್ಷಗಳು ಅಷ್ಟೇ. 2008ರ ಕೊನೆಯ 21 ಲಕ್ಷಕ್ಕೆ ಆ ಸಂಖ್ಯೆ ಆರನ್ನೂ ಮುಟ್ಟುವುದಿಲ್ಲ. ಸಂಖ್ಯೆಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಇಳಿಯತೊಡಗಿದರೆ, ಮಾಸಿಕ ಮೊತ್ತವನ್ನು ಅಂದೇ ಇಳಿಸುವುದು ಲೇಸು. ಎಪ್ಪತ್ತನಾಲ್ಕರಲ್ಲಿ ಇಳಿಸಲು ಏನೂ ಉಳಿದಿರುವುದಿಲ್ಲ.