ನೂರಕ್ಕೆ ನೂರು ಎನ್ನದ ಟ್ಯೂಷನ್ ಜಾಹೀರಾತು

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ತಾಲೂಕು ಊರುಗಳಲ್ಲಿ ಹತ್ತನೇ ತರಗತಿಯ ಟ್ಯೂಷನ್ನಿನ ಹೊಸ ಬ್ಯಾಚಿಗೆ ಪ್ರಚಾರ ಶುರುವಾಗುತ್ತದೆ. ಆಟೋದ ಮೈಕಿಗೋ ವಾಟ್ಸಾಪ್ ಸ್ಟೇಟಸ್ಸಿಗೋ ಮೇಷ್ಟ್ರು ಬರೆದುಕೊಡುವುದು ಅರ್ಧ ನಿಮಿಷದ ಮಾತು. ಅದರಲ್ಲಿ ‘ನೂರಕ್ಕೆ ನೂರು ಫಲಿತಾಂಶ’ ಎಂಬುದನ್ನು ಬಿಟ್ಟರೆ ಮಕ್ಕಳು ಬಂದಾರೆಯೇ ಎಂಬ ಅಳುಕು ಸಹಜವೇ. ಆದರೆ ಆ ಮಾತು ಪಾಲಕರಿಗೆ ತಿಳಿಸುವುದು ಏನನ್ನು? ಎಸ್ಸೆಸ್ಸೆಲ್ಸಿಯ ಇತ್ತೀಚಿನ ಕೆಲವು ವರ್ಷಗಳನ್ನೇ ನೋಡಿ. ಕೋವಿಡ್ ಕಾಲದ 2021ರಲ್ಲಿ ಎರಡೇ ದಿನ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ನಡೆದು ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸಾದರು. 2023ರಲ್ಲಿ ಫಲಿತಾಂಶ ಶೇ. 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ ಮೇಲೆ, ಕೃಪಾಂಕದ ಪ್ರಮಾಣ ಹೆಚ್ಚಿಸಿದರೂ, ಅದು ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತಿರಲಿಲ್ಲ, ಬದಲಾದದ್ದು ಪರೀಕ್ಷೆ ನಡೆಸುವ ಬಗೆ. 2021ರ ನೂರಕ್ಕೆ ನೂರನ್ನು ಬೋರ್ಡಿನಲ್ಲಿ ಉಳಿಸಿಕೊಂಡ ಟ್ಯೂಷನ್ ಸುಳ್ಳು ಹೇಳಿದಂತಾಗದಿದ್ದರೂ ತನ್ನ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ.

ಇನ್ನೂ ದೊಡ್ಡ ತೊಡಕು ಇರುವುದು ಎಣಿಕೆಯಲ್ಲಿ. ಒಂದು ಕಾಲ್ಪನಿಕ ಲೆಕ್ಕ ಹಿಡಿಯೋಣ. ಗಣಿತದ ಬ್ಯಾಚಿಗೆ ಜೂನಿನಲ್ಲಿ 22 ಮಕ್ಕಳು ಸೇರಿದರು, ಡಿಸೆಂಬರಿನೊಳಗೆ 5 ಮಂದಿ ಬಿಟ್ಟರು, ಉಳಿದ 17ರಲ್ಲಿ 16 ಮಂದಿ ಪಾಸಾದರು. ಹದಿನೇಳರ ಮೇಲೆ ಲೆಕ್ಕ ಹಾಕಿದರೆ ಶೇ. 94, ಇಪ್ಪತ್ತೆರಡರ ಮೇಲೆ ಹಾಕಿದರೆ ಶೇ. 73. ಬಿಟ್ಟುಹೋದ ಐವರು ಬೇರೆಡೆ ಓದಿ ಪಾಸಾಗಿರಲೂಬಹುದು, ಹಾಗಾಗಿ ಎರಡನೆಯ ಅಂಕಿಯೂ ಪೂರ್ತಿ ನ್ಯಾಯವಲ್ಲ. ಪಾಸಾದ ಹದಿನಾರರಲ್ಲಿ ನಾಲ್ವರು ಸೇರುವ ಮೊದಲೇ ಶಾಲೆಯಲ್ಲಿ ಎಂಬತ್ತರ ಮೇಲೆ ತೆಗೆಯುತ್ತಿದ್ದರೆ ಆ ನಾಲ್ಕು ಪಾಸುಗಳು ಟ್ಯೂಷನ್ನಿನ ಗಳಿಕೆಯೇ ಅಲ್ಲ. ಪ್ರವೇಶ ಪರೀಕ್ಷೆ ಇಟ್ಟು ಜಾಣರನ್ನಷ್ಟೇ ಸೇರಿಸಿಕೊಳ್ಳುವವರ ಫಲಿತಾಂಶ ಜೂನಿನಲ್ಲೇ ಬಂದುಬಿಟ್ಟಿರುತ್ತದೆ! ಆದ್ದರಿಂದ ಶೇಕಡಾವಾರನ್ನು ಬಿಟ್ಟು ಮೂರು ಸಂಖ್ಯೆಗಳನ್ನೇ ಹೇಳುವುದು ಲೇಸು: ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆವರೆಗೆ ಉಳಿದರು, ಎಷ್ಟು ಜನ ಪಾಸಾದರು. ಜೊತೆಗೆ ಮೇಷ್ಟ್ರ ಕೈಯಲ್ಲಿ ನಿಜವಾಗಿ ಇರುವುದನ್ನು ಹೇಳಬೇಕು. ಗಣಿತದ 100 ಅಂಕಗಳಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಸೇರಿದವು, ಟ್ಯೂಷನ್ನಿನ ದುಡಿಮೆ ಏನಿದ್ದರೂ ಲಿಖಿತ ಪರೀಕ್ಷೆಯ 80ಕ್ಕೆ.

ಅದೇ ಲೆಕ್ಕದ ಮೇಲೆ ಮೈಕಿನ ಮಾತು ಹೀಗಿರಬಹುದು: “ಪಾಲಕರ ಗಮನಕ್ಕೆ. ಹತ್ತನೇ ತರಗತಿ ಗಣಿತದ ಹೊಸ ಬ್ಯಾಚ್ ಜೂನ್ ಮೊದಲ ಸೋಮವಾರದಿಂದ, ಸಂಜೆ ಆರರಿಂದ ಏಳೂವರೆ. 22 ಮಕ್ಕಳಿಗೆ ಮಾತ್ರ ಜಾಗ. ಹೋದ ವರ್ಷ 22 ಮಕ್ಕಳು ಸೇರಿದ್ದರು, 17 ಮಂದಿ ಕೊನೆವರೆಗೆ ಬಂದರು, ಅವರಲ್ಲಿ 16 ಮಂದಿ ಗಣಿತದಲ್ಲಿ ಪಾಸಾದರು. ಇಷ್ಟೇ ಅಂಕ ಬರುತ್ತದೆಂದು ನಾವು ಮಾತು ಕೊಡುವುದಿಲ್ಲ. ಪ್ರತಿ ಶನಿವಾರ ಒಂದು ಕಿರುಪರೀಕ್ಷೆ, ತಿದ್ದಿದ ಹಾಳೆ ಸೋಮವಾರ ನಿಮ್ಮ ಮನೆಗೆ. ಮೊದಲ ವಾರ ಶುಲ್ಕವಿಲ್ಲ. ಕೂತು ನೋಡಲಿ, ಹಿಡಿಸಿದರೆ ಸೇರಿಸಿರಿ.”

ಪಕ್ಕದ ಓಣಿಯವರು ನೂರಕ್ಕೆ ನೂರು ಎಂದು ಕೂಗುತ್ತಿರುವಾಗ ಇದು ಸೋಲುವ ಮಾತಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಮೊದಲ ವರ್ಷ ಕೆಲವರು ಅತ್ತ ಹೋಗಿಯೇ ಹೋಗುತ್ತಾರೆ. ಆದರೆ ನಗರದ ಕೋಚಿಂಗ್ ಕೇಂದ್ರದ ಜಾಹೀರಾತಿಗೂ ತಾಲೂಕು ಊರಿನ ಟ್ಯೂಷನ್ನಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಫೇಲಾದ ಹುಡುಗನ ಮನೆ ಎರಡು ಓಣಿಯಾಚೆ ಇರುತ್ತದೆ, ಅವನ ತಾಯಿಯೂ ಹೊಸದಾಗಿ ಸೇರಿಸಲಿರುವ ತಾಯಿಯೂ ಅದೇ ಸಂತೆಗೆ ಬರುತ್ತಾರೆ. ಹದಿನೇಳರಲ್ಲಿ ಹದಿನಾರು ಎಂದು ಮೇಷ್ಟ್ರೇ ಹೇಳಿದ್ದರೆ ಆ ಮಾತು ಸಂತೆಯಲ್ಲಿ ನಿಲ್ಲುತ್ತದೆ. ನೂರು ಎಂದಿದ್ದರೆ ಅದನ್ನು ಕೆಡಿಸಲು ಒಬ್ಬ ಹುಡುಗ ಸಾಕು. ಇನ್ನು ಕಾನೂನಿನ ಮಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಾಗ ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳನ್ನೇ ಕೋಚಿಂಗ್ ಎಂದು ಕರೆಯಿತು, ಇಪ್ಪತ್ತೆರಡು ಮಕ್ಕಳ ಪಡಸಾಲೆ ಅದರಾಚೆಗೆ ಉಳಿಯುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸುಳ್ಳು ಖಾತರಿ ಕೊಡುವುದನ್ನೂ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ದಾರಿತಪ್ಪಿಸುವ ಜಾಹೀರಾತು ಎನ್ನುತ್ತದೆ, ಅಲ್ಲಿ ಮಕ್ಕಳ ತಲೆ ಎಣಿಸುವುದಿಲ್ಲ. ಹಳೆಯ ವಿದ್ಯಾರ್ಥಿಯ ಫೋಟೋ ಬ್ಯಾನರಿಗೆ ಹಾಕುವುದಿದ್ದರೆ ಆ ಮಾರ್ಗಸೂಚಿಯ ಒಂದು ನಿಯಮವನ್ನು ಚಿಕ್ಕ ಟ್ಯೂಷನ್ನಿನವರೂ ಎರವಲು ಪಡೆಯಬಹುದು: ಒಪ್ಪಿಗೆಯನ್ನು ಫಲಿತಾಂಶ ಬಂದ ಮೇಲೆ ಕೇಳಬೇಕು, ಸೇರುವಾಗಲೇ ಬರೆಸಿಕೊಂಡದ್ದು ನಡೆಯದು. ಹತ್ತನೇ ತರಗತಿಯ ಮಗುವಾದ್ದರಿಂದ ಆ ಸಹಿ ಪಾಲಕರದ್ದೂ ಆಗಿರಬೇಕು.