ಮಕ್ಕಳು ಆಸ್ತಿಯಲ್ಲ: ತಾಯಿಯೂ ಬರೆಯಬೇಕಾದ ಉಯಿಲು

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಉಯಿಲು ಎಂಬುದು ಯಜಮಾನನೊಬ್ಬನೇ ಬರೆಯುವ ಪತ್ರ. ಮನೆ, ಅಂಗಡಿ, ಠೇವಣಿ, ಒಡವೆಗಳ ಹಂಚಿಕೆಯನ್ನೆಲ್ಲ ವಿವರವಾಗಿ ಬರೆದು, ಕೊನೆಯ ಸಾಲಿನಲ್ಲಿ "ನನ್ನ ನಂತರ ನನ್ನ ಅಣ್ಣನೇ ಮಕ್ಕಳನ್ನೂ ಎಲ್ಲವನ್ನೂ ನೋಡಿಕೊಳ್ಳತಕ್ಕದ್ದು" ಎಂದು ಮುಗಿಸುವುದು ರೂಢಿ. ಆಸ್ತಿಯ ಹಂಚಿಕೆಗೆ ಸಲ್ಲುವ ನಿಯಮವೇ ಮಕ್ಕಳ ಪಾಲನೆಗೂ ಸಲ್ಲುತ್ತದೆ ಎಂಬ ನಂಬಿಕೆ ಈ ಸಾಲಿನ ಹಿಂದಿದೆ. ಕಾನೂನು ಹಾಗೆ ಹೇಳುವುದಿಲ್ಲ. ಆಸ್ತಿಯನ್ನು ಕೊಡಬಹುದು, ಮಕ್ಕಳನ್ನು ಕೊಡಲಾಗದು. ಅವರನ್ನು ನೋಡಿಕೊಳ್ಳುವ ಹೊಣೆಗೆ ಒಬ್ಬರ ಹೆಸರನ್ನು ಸೂಚಿಸಬಹುದು, ಅಷ್ಟೇ. ಆ ಸೂಚನೆ ಯಾವಾಗ ಜಾರಿಗೆ ಬರುತ್ತದೆ, ಯಾರ ಮಾತು ಉಳಿಯುತ್ತದೆ ಎಂಬುದಕ್ಕೆ ಬೇರೆಯೇ ನಿಯಮಗಳಿವೆ.

ಜೈನರಿಗೆ ಈ ವಿಷಯದಲ್ಲಿ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ. ಇದರ 6ನೆಯ ಕಲಮಿನ ಪ್ರಕಾರ ಮಗುವಿನ ಸ್ವಾಭಾವಿಕ ಪಾಲಕ ತಂದೆ, ಅವನ ನಂತರ ತಾಯಿ. ಈ "ನಂತರ" ಎಂಬ ಪದಕ್ಕೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದೂ ಅರ್ಥವಿದೆ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹೇಳಿತು. ಇದೇ ಕಲಮಿನಲ್ಲಿ ನಮ್ಮ ಸಮಾಜ ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಸಂಪೂರ್ಣವಾಗಿ, ಅಂತಿಮವಾಗಿ ಲೋಕವನ್ನು ತ್ಯಜಿಸಿ ಯತಿಯಾದವನಿಗೆ ಸ್ವಾಭಾವಿಕ ಪಾಲಕನಾಗಿ ವರ್ತಿಸುವ ಹಕ್ಕಿಲ್ಲ. ತಂದೆ ಮುನಿದೀಕ್ಷೆ ಪಡೆದರೆ ಆ ಸ್ಥಾನ ತಾಯಿಗೆ ಸೇರುತ್ತದೆ, ಉಯಿಲಿನ ಮೂಲಕ ಪಾಲಕರನ್ನು ಹೆಸರಿಸುವ ಅಧಿಕಾರವೂ ಅವಳದಾಗುತ್ತದೆ. ಮನೆಯಲ್ಲಿದ್ದುಕೊಂಡೇ ವ್ರತಗಳನ್ನು ಪಾಲಿಸುವ ಶ್ರಾವಕನಿಗೆ ಈ ಮಾತು ಅನ್ವಯಿಸದು.

ಉಯಿಲಿನ ಮೂಲಕ ಪಾಲಕರನ್ನು ನೇಮಿಸುವ ವಿಷಯ 9ನೆಯ ಕಲಮಿನಲ್ಲಿದೆ. ತಂದೆ ತನ್ನ ಉಯಿಲಿನಲ್ಲಿ ಪಾಲಕನನ್ನು ನೇಮಿಸಬಹುದು. ಆದರೆ ತಾಯಿಗಿಂತ ಮೊದಲು ತಂದೆ ತೀರಿಕೊಂಡರೆ ಆ ನೇಮಕಕ್ಕೆ ಬಲವಿರುವುದಿಲ್ಲ, ತಾಯಿಯೇ ಪಾಲಕಿ. ಮುಂದೆ ತಾಯಿ ತೀರಿಕೊಂಡಾಗ ಅವಳು ತನ್ನ ಉಯಿಲಿನಲ್ಲಿ ಬೇರೊಬ್ಬರನ್ನು ನೇಮಿಸಿದ್ದರೆ ಅವಳ ಮಾತೇ ಕೊನೆಯದು. ಅವಳು ಯಾರನ್ನೂ ನೇಮಿಸದೆ ತೀರಿಕೊಂಡರೆ, ಅಲ್ಲಿಯವರೆಗೆ ಮಲಗಿದ್ದ ತಂದೆಯ ನೇಮಕ ಮತ್ತೆ ಜೀವ ಪಡೆಯುತ್ತದೆ. ಆಸ್ತಿಯ ಉಯಿಲು ಹೀಗೆ ಮಲಗುವುದೂ ಇಲ್ಲ, ಏಳುವುದೂ ಇಲ್ಲ. ಬರೆದವನ ಮರಣದ ದಿನದಿಂದಲೇ ಅದು ಜಾರಿಗೆ ಬರುತ್ತದೆ.

ಈ ವ್ಯತ್ಯಾಸ ಒಂದು ಕುಟುಂಬದಲ್ಲಿ ಏನು ಮಾಡಬಲ್ಲದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಪುಣೆಯಲ್ಲಿ ನೆಲೆಸಿದ ದಂಪತಿ; ಹದಿಮೂರರ ಮಗ, ಎಂಟರ ಮಗಳು. ಪುಣೆಯಲ್ಲಿ ಪತಿಯ ಸ್ವಯಾರ್ಜಿತ ಫ್ಲ್ಯಾಟ್, ಬ್ಯಾಂಕಿನಲ್ಲಿ ಠೇವಣಿ, ಬೆಳಗಾವಿ ಜಿಲ್ಲೆಯ ಊರಿನಲ್ಲಿ ಅಣ್ಣನ ಕರ್ತೃತ್ವದಲ್ಲಿರುವ ಅವಿಭಕ್ತ ಕುಟುಂಬದ ಜಮೀನು. ಪತಿಯ ಉಯಿಲಿನಲ್ಲಿ ಫ್ಲ್ಯಾಟ್ ಮತ್ತು ಠೇವಣಿ ಮಕ್ಕಳಿಬ್ಬರಿಗೆ ಸಮಪಾಲು. ಮಕ್ಕಳಿಗೆ ಊರಿನ ಅಣ್ಣ ಪಾಲಕ. ಪತ್ನಿ ಏನನ್ನೂ ಬರೆದಿಲ್ಲ. ಮಕ್ಕಳು ತನ್ನ ತಂಗಿಯ ಬಳಿ, ಪುಣೆಯಲ್ಲಿಯೇ, ಅದೇ ಶಾಲೆಯಲ್ಲಿ ಬೆಳೆಯಬೇಕೆಂಬುದು ಅವಳ ಇಚ್ಛೆ. ಅದನ್ನು ಬಂಧುಗಳ ಮುಂದೆ ಹಲವು ಬಾರಿ ಹೇಳಿದ್ದಾಳೆ.

ಪತಿ ಕಾಯಿಲೆಯಿಂದ ತೀರಿಕೊಳ್ಳುತ್ತಾನೆ. ಫ್ಲ್ಯಾಟ್ ಮತ್ತು ಠೇವಣಿ ಉಯಿಲಿನಂತೆ ಮಕ್ಕಳದಾಗುತ್ತವೆ. ಪಾಲಕನ ನೇಮಕ ಮಾತ್ರ ನಿಷ್ಪ್ರಯೋಜಕ, ಏಕೆಂದರೆ ತಾಯಿ ಇದ್ದಾಳೆ. ಎರಡು ವರ್ಷಗಳ ನಂತರ ಅವಳೂ ಇಲ್ಲವಾಗುತ್ತಾಳೆ. ಆ ಕ್ಷಣ ಪತಿಯ ಹಳೆಯ ನೇಮಕ ಎಚ್ಚರಗೊಂಡು ಊರಿನ ದೊಡ್ಡಪ್ಪ ಕಾನೂನಿನ ಪ್ರಕಾರ ಪಾಲಕನಾಗುತ್ತಾನೆ. ಬಾಯಿಮಾತಿನಲ್ಲಿ ಹೇಳಿದ ತಾಯಿಯ ಇಚ್ಛೆ ಪಾಲಕರ ನೇಮಕವಾಗುವುದಿಲ್ಲ. ಚಿಕ್ಕಮ್ಮ ನ್ಯಾಯಾಲಯಕ್ಕೆ ಹೋಗಬಹುದು. ಆದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 7ನೆಯ ಕಲಮಿನಂತೆ, ಉಯಿಲಿನ ಮೂಲಕ ನೇಮಕಗೊಂಡ ಪಾಲಕನ ಅಧಿಕಾರ ಕೊನೆಗೊಳ್ಳುವವರೆಗೆ ನ್ಯಾಯಾಲಯ ಅವನ ಬದಲು ಇನ್ನೊಬ್ಬರನ್ನು ನೇಮಿಸುವಂತಿಲ್ಲ. ಆದ್ದರಿಂದ ಮೊದಲು ದೊಡ್ಡಪ್ಪನನ್ನು ತೆಗೆದುಹಾಕಲು ಕಾರಣ ತೋರಿಸಬೇಕು. ಮಕ್ಕಳನ್ನು ಪ್ರೀತಿಸುವ ಇಬ್ಬರು ಒಳ್ಳೆಯವರು ಎದುರು ಬದುರಾಗಿ ನಿಂತು ಪರಸ್ಪರರ ಕೊರತೆಗಳನ್ನು ಪಟ್ಟಿ ಮಾಡುವ ಪರಿಸ್ಥಿತಿ ಹೀಗೆ ಹುಟ್ಟುತ್ತದೆ.

ನ್ಯಾಯಾಲಯಕ್ಕೆ ಇಲ್ಲಿ ಆಸ್ತಿಯ ವಿಷಯದಲ್ಲಿ ಇಲ್ಲದ ಒಂದು ಅಧಿಕಾರವಿದೆ. ಉಯಿಲು ನೈಜವಾಗಿದ್ದರೆ ಫ್ಲ್ಯಾಟು ಯಾರಿಗೆ ಹೋದರೆ ಒಳ್ಳೆಯದಿತ್ತು ಎಂದು ನ್ಯಾಯಾಧೀಶರು ಕೇಳುವುದಿಲ್ಲ. ಪಾಲಕರ ವಿಷಯದಲ್ಲಿ ಮಗುವಿನ ಹಿತವೇ ಪರಮ ಎಂದು 1956ರ ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಸ್ವಂತ ಅಭಿಪ್ರಾಯ ಹೇಳುವಷ್ಟು ಬೆಳೆದ ಮಗುವಿನ ಮಾತನ್ನೂ ನ್ಯಾಯಾಲಯ ಪರಿಗಣಿಸಬಹುದು. ಈಗ ಹದಿನೈದಾಗಿರುವ ಮಗನನ್ನು ಅದು ಕೇಳಿಯೇ ಕೇಳೀತು. ಆದಕಾರಣ ಉಯಿಲಿನ ಹೆಸರು ಬಲವಾದ ಆರಂಭವೇ ಹೊರತು ಕೊನೆಯ ತೀರ್ಪಲ್ಲ. ಹೆಸರಿಸಲ್ಪಟ್ಟವರು ಆ ಹೊಣೆಯನ್ನು ಒಪ್ಪದೆಯೂ ಇರಬಹುದು. ಆಸ್ತಿಯನ್ನು ಬೇಡ ಎನ್ನುವವರು ವಿರಳ. ಎರಡು ಮಕ್ಕಳ ಹತ್ತು ವರ್ಷದ ಹೊಣೆಯನ್ನು ಒಲ್ಲೆ ಎನ್ನುವುದಕ್ಕೆ ವಯಸ್ಸು, ಕಾಯಿಲೆ, ಸಣ್ಣ ಮನೆ ಎಂಬ ನ್ಯಾಯವಾದ ಕಾರಣಗಳಿರುತ್ತವೆ.

ಪಾಲಕನಾದವನಿಗೆ ದೊರೆಯುವುದಾದರೂ ಏನು? ಫ್ಲ್ಯಾಟಿನಲ್ಲಿ ಅವನಿಗೆ ಒಂದು ಅಂಗುಲದ ಒಡೆತನವೂ ಇಲ್ಲ. ಠೇವಣಿಯ ಬಡ್ಡಿ ಮಕ್ಕಳ ಆದಾಯ. ತಂದೆತಾಯಿ ಇಬ್ಬರೂ ಇಲ್ಲದಾಗ ಅದು ಪಾಲಕನ ಆದಾಯಕ್ಕೆ ಸೇರದು, ತೆರಿಗೆಯ ಲೆಕ್ಕದಲ್ಲಿ ಆಯಾ ಮಗುವಿನದೇ ಆಗಿ ಉಳಿಯುತ್ತದೆ, ಮತ್ತು ಪಾಲಕ ಪ್ರತಿನಿಧಿಯಾಗಿ ವಿವರ ಸಲ್ಲಿಸುತ್ತಾನೆ. ಮಕ್ಕಳ ಓದಿಗಾಗಿ ಫ್ಲ್ಯಾಟನ್ನು ಮಾರಬೇಕೆಂದರೆ 8ನೆಯ ಕಲಮಿನಂತೆ ಮೊದಲು ನ್ಯಾಯಾಲಯದ ಅನುಮತಿ ಬೇಕು. ಅಡವಿಡುವುದಕ್ಕೂ ಐದು ವರ್ಷ ಮೀರಿದ ಗುತ್ತಿಗೆಗೂ ಇದೇ ನಿಯಮ. ಅನುಮತಿಯಿಲ್ಲದೆ ಮಾರಿದರೆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದುಪಡಿಸಲು ದಾವೆ ಹೂಡಬಹುದು. ಅದಕ್ಕಾಗಿಯೇ ತಿಳಿದ ಖರೀದಿದಾರ ಅನುಮತಿಯ ಆದೇಶವನ್ನು ಕೇಳುತ್ತಾನೆ. ಊರಿನ ಅವಿಭಕ್ತ ಜಮೀನಿನಲ್ಲಿರುವ ಮಕ್ಕಳ ಅವಿಭಜಿತ ಪಾಲಿಗೆ ಉಯಿಲಿನ ಪಾಲಕನ ಅಧಿಕಾರ ತಾಗುವುದೇ ಇಲ್ಲ. ಅದು ಕುಟುಂಬದ ಕರ್ತನ ಆಡಳಿತದಲ್ಲಿಯೇ ಇರುತ್ತದೆ. ವಿಮೆಯ ಪತ್ರದಲ್ಲಿ ಮಗುವಿನ ಪರವಾಗಿ ಹಣ ಪಡೆಯಲು ಸೂಚಿಸಿದ ವ್ಯಕ್ತಿಯೂ ಆ ಹಣವನ್ನು ಸ್ವೀಕರಿಸುವವನು ಮಾತ್ರ, ಮಗುವಿನ ಪಾಲಕನಲ್ಲ.

ಮಕ್ಕಳನ್ನು ಸಾಕುವ ಶಕ್ತಿ ಮತ್ತು ಹಣವನ್ನು ನಿರ್ವಹಿಸುವ ಶಕ್ತಿ ಒಬ್ಬರಲ್ಲಿಯೇ ಇರಬೇಕೆಂದಿಲ್ಲ. ಮಗುವಿನ ದೇಹಪಾಲನೆಗೆ ಒಬ್ಬರನ್ನು, ಆಸ್ತಿಪಾಲನೆಗೆ ಇನ್ನೊಬ್ಬರನ್ನು ನೇಮಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಆಸ್ತಿ ದೊಡ್ಡದಿದ್ದರೆ ಅದನ್ನು ನೇರವಾಗಿ ಮಕ್ಕಳ ಹೆಸರಿಗೆ ಬರೆಯುವ ಬದಲು ಉಯಿಲಿನಲ್ಲಿಯೇ ಒಂದು ಟ್ರಸ್ಟ್ ರಚಿಸಿ, ಶಾಲೆಯ ಶುಲ್ಕ ಮತ್ತು ಮನೆವಾರ್ತೆಗೆ ಹಣ ಕೊಡುತ್ತ, ಉಳಿದ ಮೊತ್ತವನ್ನು ಮಗುವಿಗೆ ಇಪ್ಪತ್ತೈದು ತುಂಬಿದಾಗ ಒಪ್ಪಿಸುವಂತೆ ಟ್ರಸ್ಟಿಗಳಿಗೆ ಹೇಳಬಹುದು. ಮಾರಾಟದ ಅಧಿಕಾರವನ್ನು ಉಯಿಲಿನಲ್ಲಿ ಸ್ಪಷ್ಟವಾಗಿ ಕೊಟ್ಟಿದ್ದರೆ ಪಾಲಕನಿಗಿರುವ ಮೇಲಿನ ನಿರ್ಬಂಧ ಟ್ರಸ್ಟಿಗಳಿಗಿಲ್ಲ. ಟ್ರಸ್ಟ್ ಇಲ್ಲದಿದ್ದರೆ ಪಾಲಕತ್ವ ಹದಿನೆಂಟಕ್ಕೆ ಮುಗಿಯುತ್ತದೆ, ಆ ದಿನ ಇಡೀ ಮೊತ್ತ ಮಗುವಿನ ಕೈಗೆ ಬರುತ್ತದೆ. ಪುಣೆಯ ಆ ಕುಟುಂಬದಲ್ಲಿ ಚಿಕ್ಕಮ್ಮ ಪಾಲಕಿಯೂ ದೊಡ್ಡಪ್ಪ ಟ್ರಸ್ಟಿಗಳಲ್ಲೊಬ್ಬನೂ ಆಗಿದ್ದರೆ ಇಬ್ಬರಿಗೂ ತಕ್ಕ ಸ್ಥಾನವಿರುತ್ತಿತ್ತು, ವ್ಯಾಜ್ಯಕ್ಕೆ ಕಾರಣವಿರುತ್ತಿರಲಿಲ್ಲ.

ಹಾಗಾದರೆ ದಂಪತಿ ಮಾಡಬೇಕಾದುದೇನು? ಇಬ್ಬರೂ ಕುಳಿತು ಒಬ್ಬರ ಹೆಸರನ್ನು ನಿಶ್ಚಯಿಸಿ, ಅವರನ್ನು ಕೇಳಿ ಒಪ್ಪಿಸಿ, ಇಬ್ಬರೂ ಪ್ರತ್ಯೇಕ ಉಯಿಲುಗಳಲ್ಲಿ ಅದೇ ಹೆಸರನ್ನು ಬರೆಯಬೇಕು. ಆಗ ಯಾರು ಮೊದಲು ಹೋದರೂ, ಯಾವ ನೇಮಕ ಜಾರಿಗೆ ಬಂದರೂ ಮಕ್ಕಳು ಸೇರುವುದು ಒಂದೇ ಮನೆಗೆ. "ನೋಡಿಕೊಳ್ಳತಕ್ಕದ್ದು" ಎಂಬ ಮಸುಕು ಮಾತಿನ ಬದಲು ಹೀಗೆ ಬರೆಯುವುದು ಲೇಸು: "ನಾವಿಬ್ಬರೂ ಇಲ್ಲದಿರುವಾಗ ನನ್ನ ಅಪ್ರಾಪ್ತವಯಸ್ಕ ಮಕ್ಕಳ ದೇಹಕ್ಕೆ ಪಾಲಕಿಯಾಗಿ ನನ್ನ ತಂಗಿಯನ್ನು ನೇಮಿಸಿದ್ದೇನೆ. ಅವರು ಒಪ್ಪದಿದ್ದರೆ ಅಥವಾ ಅಶಕ್ತರಾದರೆ ನನ್ನ ಮೈದುನನನ್ನು ನೇಮಿಸಿದ್ದೇನೆ. ಈ ನೇಮಕದಿಂದ ನನ್ನ ಆಸ್ತಿಯಲ್ಲಿ ಅವರಿಗೆ ಯಾವ ಹಕ್ಕೂ ಬರುವುದಿಲ್ಲ." ಸಂಬಂಧದ ಜೊತೆಗೆ ಪೂರ್ಣ ಹೆಸರು ಮತ್ತು ವಿಳಾಸ ಇರಲಿ. ಆಹಾರ, ಧರ್ಮಪಾಠ, ಓದಿನ ಮಾಧ್ಯಮ ಕುರಿತ ಇಚ್ಛೆಗಳನ್ನೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ ಅನಿವಾರ್ಯ, ನೋಂದಣಿ ಕಡ್ಡಾಯವಲ್ಲ. ಒಂದು ಎಚ್ಚರವೂ ಬೇಕು. ತಾಯಿಯ ಅಧಿಕಾರವನ್ನು ಹೇಳುವಾಗ ಶಾಸನ "ವಿಧವೆ" ಎಂಬ ಪದವನ್ನು ಬಳಸುತ್ತದೆ. ಪತಿ ಇದ್ದಾಗ ಬರೆದ ಉಯಿಲಿನ ಬಗ್ಗೆ ಯಾರೂ ತಕರಾರು ಎತ್ತದಂತೆ, ಪತಿಯ ಮರಣಾನಂತರ ಅದನ್ನು ಹೊಸದಾಗಿ ಬರೆದು ಸಹಿ ಮಾಡುವುದು ಕ್ಷೇಮ.

ತಂದೆಯನ್ನು ಮುಂದಿಟ್ಟು ತಾಯಿಯನ್ನು "ನಂತರ" ಎನ್ನುವ ಈ ಶಾಸನವನ್ನು ತಿದ್ದಿ, ಇಬ್ಬರಿಗೂ ಏಕಕಾಲದ ಸಮಾನ ಪಾಲಕತ್ವ ಕೊಡಬೇಕೆಂದು ಭಾರತೀಯ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಆ ಸುಧಾರಣೆ ಸಂಸತ್ತಿನ ಕೈಯಲ್ಲಿದೆ. ಆದರೆ ತಂದೆ ಮೊದಲು ಹೋದ ಮನೆಯಲ್ಲಿ ಮಕ್ಕಳ ಬಗ್ಗೆ ಕೊನೆಯ ಮಾತನ್ನು ಇದೇ ಹಳೆಯ ಶಾಸನ ತಾಯಿಗೆ ಕೊಟ್ಟಿದೆ. ಅವಳು ಬರೆಯದಿದ್ದರೆ ಮಾತ್ರ ಆ ಮಾತು ಅವಳ ಕೈತಪ್ಪುತ್ತದೆ. ಯಜಮಾನನ ಉಯಿಲು ಕಪಾಟಿನಲ್ಲಿರುವ ಪ್ರತಿ ಮನೆಯಲ್ಲೂ ಅದರ ಪಕ್ಕದಲ್ಲಿ ಯಜಮಾನಿಯ ಉಯಿಲು ಇದೆಯೇ, ಎರಡರಲ್ಲೂ ಪಾಲಕರ ಹೆಸರು ಒಂದೇ ಆಗಿದೆಯೇ ಎಂದು ಈ ವಾರವೇ ತೆರೆದು ನೋಡುವುದು ಒಳಿತು.